ಕಬ್ಬು ಎದ್ದಂತೆ ಇಳಿಯುವ ಸಿಗ್ನಲ್: ನಾಲೆಯ ಕೊನೆಯ ಗದ್ದೆಗೊಂದು ಲೋರಾ ಸಂಪರ್ಕ

ನಮ್ಮ ಕಬ್ಬಿನ ಗದ್ದೆ ಮಂಡ್ಯ ಜಿಲ್ಲೆಯಲ್ಲಿ, ವಿಶ್ವೇಶ್ವರಯ್ಯ ನಾಲೆಯ ಅಚ್ಚುಕಟ್ಟಿನ ಕೊನೆಯ ಭಾಗದಲ್ಲಿದೆ. ಕೆಲವು ದಿನ ನೀರು ಬಿಟ್ಟು ಕೆಲವು ದಿನ ನಿಲ್ಲಿಸುವ ಕಟ್ಟು ಪದ್ಧತಿಯಲ್ಲಿ ನಾಲೆಗೆ ನೀರು ಬಿಟ್ಟಾಗ ಮೇಲಿನ ಗದ್ದೆಗಳೆಲ್ಲ ತುಂಬಿದ ಮೇಲೆ ನಮ್ಮ ತೂಬಿಗೆ ಸರದಿ. ಆ ಹೊತ್ತು ನಡುರಾತ್ರಿಯೂ ಆಗಬಹುದು, ಬೆಳಗಿನ ಜಾವವೂ ಆಗಬಹುದು. ನೀರು ಬಂದದ್ದು ತಿಳಿಯದೆ ಮಲಗಿದ್ದರೆ ಅದು ಬಸಿಗಾಲುವೆಗೆ ಹರಿದು ಹೋಗುತ್ತದೆ. ಮುಂದಿನ ಕಟ್ಟಿನವರೆಗೆ ಬೆಳೆ ಒಣಗಬೇಕು.

ಮನೆಯಿಂದ ತೂಬಿಗೆ ನೇರ ಅಳತೆಯಲ್ಲಿ 1.8 ಕಿಲೋಮೀಟರ್. ಅಪ್ಪನ ಬೇಡಿಕೆ ಚಿಕ್ಕದು: "ಬೇರೇನೂ ಬೇಡ, ತೂಬಿಗೆ ನೀರು ಬಂದಿದೆಯೋ ಇಲ್ಲವೋ ಅದೊಂದನ್ನು ಹೇಳಿದರೆ ಸಾಕು." ಅದಕ್ಕೆ ತೂಬಿನಲ್ಲಿ ಒಂದು ಫ್ಲೋಟ್ ಸ್ವಿಚ್, ಪಕ್ಕದಲ್ಲಿ ಮಣ್ಣಿನ ತೇವ ಅಳೆಯುವ ಒಂದು ಸೆನ್ಸರ್, ಮನೆಯಲ್ಲಿ ಮಂಚದ ಪಕ್ಕ ಒಂದು ಬಜರ್ ಇದ್ದರೆ ಆಯಿತು. ನಡುವಿನ ದೂರವನ್ನು ದಾಟಿಸಲು, ಕಡಿಮೆ ಶಕ್ತಿಯಲ್ಲಿ ಸಣ್ಣ ಸಂದೇಶಗಳನ್ನು ದೂರಕ್ಕೆ ಕಳಿಸುವ ಲೋರಾ ರೇಡಿಯೊ ಆರಿಸಿಕೊಂಡೆ. ಸಿಮ್ ಬೇಡ, ತಿಂಗಳ ರೀಚಾರ್ಜ್ ಬೇಡ. ನಮ್ಮ ದೇಶದಲ್ಲಿ 865ರಿಂದ 868 ಮೆಗಾಹರ್ಟ್ಸ್ ಪಟ್ಟಿಯನ್ನು 1 ವ್ಯಾಟ್ ಒಳಗಿನ ಟ್ರಾನ್ಸ್‌ಮಿಟರ್‌ಗಳಿಗೆ ಪರವಾನಗಿ ಇಲ್ಲದೆ ಬಳಸಲು ಬಿಟ್ಟಿದ್ದಾರೆ. ನಮ್ಮ ಮಾಡ್ಯೂಲ್ ಅದರ ಇಪ್ಪತ್ತನೇ ಒಂದು ಭಾಗದ ಶಕ್ತಿಯಲ್ಲಿ ಕೆಲಸ ಮಾಡುತ್ತದೆ.

ಇಂತಹ ಮಾಡ್ಯೂಲ್ ಮಾರುವವರು "ಹತ್ತು ಕಿಲೋಮೀಟರ್ ವ್ಯಾಪ್ತಿ" ಎಂದು ಬರೆದಿರುತ್ತಾರೆ. ಆ ಮಾತು ಬೆಟ್ಟದಿಂದ ಬೆಟ್ಟಕ್ಕೆ ನಿಜ. ಆಳೆತ್ತರದ ಕಬ್ಬಿನ ನಡುವಿನಿಂದ ಊರೊಳಗಿನ ಕೋಣೆಗೆ ಎಷ್ಟು ಉಳಿಯುತ್ತದೆ ಎಂಬುದು ಬೇರೆಯೇ ಪ್ರಶ್ನೆ. ಹಾಗಾಗಿ ಪೆಟ್ಟಿಗೆಯನ್ನು ಕಾಯಂ ಆಗಿ ನಿಲ್ಲಿಸುವ ಮುನ್ನ, ಕಬ್ಬು ಕಡಿದು ಖಾಲಿಯಾದ ಗದ್ದೆಯಿಂದ ಹಿಡಿದು ಕೂಳೆ ಬೆಳೆದು ಮತ್ತೆ ಕಡಿಯುವ ಹೊತ್ತಿನವರೆಗೆ ಸಿಗ್ನಲನ್ನು ಅಳೆಯುತ್ತಾ ಬಂದೆ. ಆ ಅಳತೆಯ ವಿವರ ಇಲ್ಲಿದೆ.

ಸಲಕರಣೆ

ಎರಡೂ ಕಡೆ ಎಸ್‌ಎಕ್ಸ್1276 ಚಿಪ್ ಇರುವ 868 ಮೆಗಾಹರ್ಟ್ಸ್ ಮಾಡ್ಯೂಲ್ ಬಳಸಿದೆ. ನೋಡಲು ಒಂದೇ ಥರ ಇರುವ 433 ಮೆಗಾಹರ್ಟ್ಸ್ ಮಾಡ್ಯೂಲ್‌ಗಳೂ ಆಂಟೆನಾಗಳೂ ಅಂಗಡಿಯಲ್ಲಿ ಸಿಗುತ್ತವೆ. ಕೊಳ್ಳುವಾಗ ಬರಹ ನೋಡಿ ಕೊಳ್ಳಬೇಕು. 866 ಮೆಗಾಹರ್ಟ್ಸ್‌ನಲ್ಲಿ ತರಂಗದ ಉದ್ದ ಸುಮಾರು 35 ಸೆಂಟಿಮೀಟರ್. ಕಾಲು ತರಂಗದ ಸರಳ ಕಡ್ಡಿ ಆಂಟೆನಾ ಎಂಟು ಸೆಂಟಿಮೀಟರಿಗಿಂತ ತುಸು ಉದ್ದವಿರುತ್ತದೆ. ನಾನು ಬಳಸಿದ್ದು 2 ಡೆಸಿಬೆಲ್ ಗಳಿಕೆಯ ಸಾಮಾನ್ಯ ದ್ವಿಧ್ರುವ ಆಂಟೆನಾ. ಆಂಟೆನಾ ಸಿಕ್ಕಿಸದೆ ಟ್ರಾನ್ಸ್‌ಮಿಟರ್ ಚಾಲೂ ಮಾಡಬಾರದು. ಹೊರಹೋಗಲಾರದ ಶಕ್ತಿ ಹಿಂದಿರುಗಿ ಚಿಪ್ಪಿನ ಕೊನೆಯ ಹಂತವನ್ನು ಸುಡಬಹುದು.

ಗದ್ದೆಯ ಕಡೆಯ ಪೆಟ್ಟಿಗೆಯಲ್ಲಿ ಕಡಿಮೆ ವಿದ್ಯುತ್ ಕುಡಿಯುವ 3.3 ವೋಲ್ಟಿನ ಸಣ್ಣ ಆರ್ಡುಯಿನೊ, ಒಂದು ಲಿಥಿಯಂ ಸೆಲ್, ಅಂಗೈಯಗಲದ ಸೌರ ಫಲಕ ಇವೆ. ಮನೆಯ ಕಡೆ ಇಎಸ್‌ಪಿ32 ಬೋರ್ಡು. ಎರಡಕ್ಕೂ ಒಂದೇ ಹೊಂದಾಣಿಕೆ:

```
LoRa.begin(866300000);
LoRa.setTxPower(17);
LoRa.setSpreadingFactor(10);
LoRa.setSignalBandwidth(125E3);
LoRa.enableCrc();
```

ಪರೀಕ್ಷೆಗಾಗಿ ಕಳಿಸುವ ಸಂದೇಶದಲ್ಲಿ ಪೆಟ್ಟಿಗೆಯ ಗುರುತು, ಏರುತ್ತಾ ಹೋಗುವ ಕ್ರಮಸಂಖ್ಯೆ, ಬ್ಯಾಟರಿಯ ವೋಲ್ಟೇಜು ಇರುತ್ತವೆ. ಕ್ರಮಸಂಖ್ಯೆ ಬಹಳ ಮುಖ್ಯ. ಬಂದ ಸಂದೇಶಗಳ ಬಲವನ್ನಷ್ಟೇ ನೋಡಿದರೆ, ಬಾರದೆ ಹೋದವುಗಳ ಲೆಕ್ಕ ತಪ್ಪಿಹೋಗುತ್ತದೆ. ಸಂಪರ್ಕ ಹದಗೆಟ್ಟ ದಿನ ಬದುಕಿ ಬಂದ ಕೆಲವು ಬಲವಾದ ಸಂದೇಶಗಳಷ್ಟೇ ಕಾಣಿಸಿ ಎಲ್ಲ ಸರಿಯಾಗಿದೆ ಎಂಬ ಭಾವನೆ ಬರುತ್ತದೆ.

ಇನ್ನೊಂದು ಪೆಟ್ಟಿಗೆಯನ್ನು ಬೇಕೆಂದೇ ಸೇರಿಸಿದೆ. ಅದು ಸಾಕ್ಷಿಯ ಪೆಟ್ಟಿಗೆ. ತೂಬಿನಷ್ಟೇ ದೂರದಲ್ಲಿ, ನಾಲೆಯ ಏರಿಯ ಮೇಲೆ, ಬೆಳೆಯ ಸೋಂಕಿಲ್ಲದ ಜಾಗದಲ್ಲಿ ಕಂಬದ ಮೇಲೆ ನಿಂತಿತ್ತು. ಕಬ್ಬಿನೊಳಗಿನ ಪೆಟ್ಟಿಗೆಯ ಸಿಗ್ನಲ್ ಇಳಿದಾಗ ಅದು ಬೆಳೆಯಿಂದಲೋ, ಮನೆಯ ಮೇಲಿನ ಆಂಟೆನಾದ ಜೋಡಣೆಗೆ ನೀರು ಇಳಿದದ್ದರಿಂದಲೋ ಎಂದು ಹೇಳಬೇಕಾದರೆ ಇಂಥದ್ದೊಂದು ಸಾಕ್ಷಿ ಬೇಕೇ ಬೇಕು. ಎರಡೂ ಇಳಿದರೆ ದೋಷ ಮನೆಯ ಕಡೆ. ಒಂದೇ ಇಳಿದರೆ ಅದು ಬೆಳೆಯ ಪಾಲು. ಏರಿಯ ಮೇಲಿನ ಸಾಕ್ಷಿ ವರ್ಷವಿಡೀ ಹೆಚ್ಚೆಂದರೆ ಎರಡು ಡೆಸಿಬೆಲ್ ಆಚೀಚೆ ಆಡಿತು, ಅಷ್ಟೇ.

ಖಾಲಿ ಗದ್ದೆಯಲ್ಲೇ ಕಳೆದುಹೋಗುವ ಪಾಲು

ಮೊದಲ ಅಳತೆ ಕಬ್ಬು ಕಡಿದ ಮೇಲೆ. ಗದ್ದೆಯ ಪೆಟ್ಟಿಗೆಯ ಆಂಟೆನಾ ನೆಲದಿಂದ 1 ಮೀಟರ್ ಎತ್ತರದಲ್ಲಿ, ಮನೆಯ ಆಂಟೆನಾ ತಾರಸಿಯ ಮೇಲೆ 6 ಮೀಟರ್ ಎತ್ತರದಲ್ಲಿ ಇತ್ತು. ಬದುವಿನ ಮೇಲೆ ನಿಂತರೆ ನಮ್ಮ ತಾರಸಿ ಕಣ್ಣಿಗೆ ಕಾಣುತ್ತದೆ.

ನಡುವೆ ಗಾಳಿ ಬಿಟ್ಟು ಬೇರೇನೂ ಇಲ್ಲದಿದ್ದರೆ 1.8 ಕಿಲೋಮೀಟರಿಗೆ 96 ಡೆಸಿಬೆಲ್ ನಷ್ಟವಾಗಬೇಕು. ಒಂದು ಮಿಲಿವ್ಯಾಟ್‌ಗೆ ಹೋಲಿಸಿ ಡೆಸಿಬೆಲ್‌ನಲ್ಲಿ ಹೇಳುವ ಲೆಕ್ಕದಲ್ಲಿ ಟ್ರಾನ್ಸ್‌ಮಿಟರ್ ಬಿಡುವುದು 17 ಡಿಬಿಎಂ. ಎರಡು ಆಂಟೆನಾಗಳ ಗಳಿಕೆ ಸೇರಿಸಿ, ಜೋಡಣೆಗಳ ನಷ್ಟ ಒಂದು ಡೆಸಿಬೆಲ್ ಕಳೆದರೆ ಮನೆಗೆ ಸುಮಾರು −76 ಡಿಬಿಎಂ ಬರಬೇಕಿತ್ತು. ಬಂದದ್ದು −97. ಒಂದೇ ಒಂದು ಗಿಡವೂ ಇಲ್ಲದ ನೆಲದ ಮೇಲೆ 21 ಡೆಸಿಬೆಲ್ ಮಾಯವಾಗಿತ್ತು. ಪ್ರತಿ ಹತ್ತು ಡೆಸಿಬೆಲ್‌ಗೆ ಶಕ್ತಿ ಹತ್ತನೇ ಒಂದು ಭಾಗಕ್ಕೆ ಇಳಿಯುತ್ತದೆ. ಅಂದರೆ ನಿರೀಕ್ಷಿಸಿದ ಶಕ್ತಿಯ ನೂರನೇ ಒಂದು ಭಾಗವೂ ಮುಟ್ಟಿರಲಿಲ್ಲ.

ಇದಕ್ಕೆ ಕಾರಣ ನೆಲ. ರೇಡಿಯೊ ತರಂಗ ದಾರದಂತೆ ಒಂದೇ ಗೆರೆಯಲ್ಲಿ ಹೋಗುವುದಿಲ್ಲ. ಎರಡು ಆಂಟೆನಾಗಳ ನಡುವೆ ಮಧ್ಯಭಾಗ ಉಬ್ಬಿದ ಉದ್ದನೆಯ ಜಾಗವೊಂದು ಅದಕ್ಕೆ ಬೇಕು. ಇದನ್ನು ಫ್ರೆನೆಲ್ ವಲಯ ಎನ್ನುತ್ತಾರೆ. ನಮ್ಮ ದೂರಕ್ಕೂ ನಮ್ಮ ತರಂಗಕ್ಕೂ ಲೆಕ್ಕ ಹಾಕಿದರೆ ನಟ್ಟನಡುವೆ ಆ ವಲಯದ ತ್ರಿಜ್ಯ ಹನ್ನೆರಡೂವರೆ ಮೀಟರ್. ಆದರೆ 1 ಮೀಟರ್ ಮತ್ತು 6 ಮೀಟರ್ ಎತ್ತರದ ಆಂಟೆನಾಗಳನ್ನು ಜೋಡಿಸುವ ಗೆರೆ ನಡುದಾರಿಯಲ್ಲಿ ನೆಲದಿಂದ ಬರೀ ಮೂರೂವರೆ ಮೀಟರ್ ಮೇಲಿರುತ್ತದೆ. ವಲಯದ ಕೆಳಭಾಗ ಪೂರ್ತಿ ಮಣ್ಣಿನೊಳಗೆ ಹೂತುಹೋಗಿದೆ. ನೆಲಕ್ಕೆ ಬಡಿದು ಚಿಮ್ಮಿದ ತರಂಗ ನೇರವಾಗಿ ಬಂದದ್ದಕ್ಕೆ ಎದುರಾಗಿ ನಿಂತು ಅದನ್ನು ಬಹುಪಾಲು ಅಳಿಸುತ್ತದೆ. ಕಣ್ಣಿಗೆ ಕಂಡರೆ ಸಿಗ್ನಲ್ ಬರುತ್ತದೆ ಎಂಬ ನಂಬಿಕೆ ಬಯಲುಸೀಮೆಯ ಸಮತಟ್ಟು ನೆಲದಲ್ಲಿ ಅರ್ಧ ಮಾತ್ರ ಸರಿ.

ಇಂತಹ ನೆಲಕ್ಕೆ ಒಂದು ಸುಲಭದ ಸೂತ್ರವಿದೆ. `d` ಮೀಟರಿನಲ್ಲಿ ದೂರ, `h1` ಮತ್ತು `h2` ಎರಡು ಆಂಟೆನಾಗಳ ಎತ್ತರ:

```
L = 40·log10(d) − 20·log10(h1·h2)
```

1800 ಮೀಟರ್, 1 ಮೀಟರ್, 6 ಮೀಟರ್ ಹಾಕಿದರೆ ನಷ್ಟ 115 ಡೆಸಿಬೆಲ್ ಹತ್ತಿರ, ಅಂದರೆ ಮನೆಗೆ −95. ನನ್ನ −97ಕ್ಕೆ ಇದು ಸಾಕಷ್ಟು ಹತ್ತಿರ. ಉಳಿದ ಎರಡನ್ನು ದಾರಿಯ ಅಂಚಿನಲ್ಲಿರುವ ತೆಂಗಿನ ಸಾಲಿನ ಲೆಕ್ಕಕ್ಕೆ ಹಾಕಬಹುದು. ಈ ಸೂತ್ರದಲ್ಲಿ ಎಲ್ಲಕ್ಕಿಂತ ಬೆಲೆಬಾಳುವ ಸಂಗತಿ ಎತ್ತರ. ಯಾವುದೇ ಒಂದು ಕಡೆಯ ಆಂಟೆನಾದ ಎತ್ತರವನ್ನು ಇಮ್ಮಡಿ ಮಾಡಿದರೆ 6 ಡೆಸಿಬೆಲ್ ವಾಪಸು ಬರುತ್ತದೆ. ಮುಂದೆ ಕಬ್ಬು ಮತ್ತು ಗೋಡೆ ಎರಡರ ವಿಚಾರದಲ್ಲೂ ಇದೇ ಮಾತು ತಿರುಗಿ ಬರುತ್ತದೆ.

ಅಳತೆ ಎಲ್ಲಿ ಸುಳ್ಳಾಡುತ್ತದೆ

ಕಬ್ಬು ಬೆಳೆಯತೊಡಗಿದಾಗ ಪರದೆಯ ಮೇಲೆ ಆರ್‌ಎಸ್‌ಎಸ್‌ಐ ಸಂಖ್ಯೆ ನಿಧಾನವಾಗಿ ಇಳಿಯುತ್ತಾ ಬಂದು −116ರ ಸುತ್ತಮುತ್ತ ನಿಂತುಬಿಟ್ಟಿತು. ಬೆಳೆ ಎದ್ದರೂ ಅದು ಅಲ್ಲಿಂದ ಕದಲಲಿಲ್ಲ. ಆದರೆ ಕ್ರಮಸಂಖ್ಯೆಗಳಲ್ಲಿ ಬಿರುಕು ಕಾಣತೊಡಗಿತ್ತು. ಸಿಗ್ನಲ್ ಇಳಿದಿಲ್ಲ ಎನ್ನುವುದಾದರೆ ಸಂದೇಶ ಕಳೆಯುವುದೇಕೆ?

ಆರ್‌ಎಸ್‌ಎಸ್‌ಐ ಅಳೆಯುವುದು ಆಂಟೆನಾಗೆ ಬಂದ ಒಟ್ಟು ಶಕ್ತಿಯನ್ನು, ಗದ್ದಲವೂ ಸೇರಿ. 125 ಕಿಲೋಹರ್ಟ್ಸ್ ಅಗಲದ ಚಾನೆಲ್‌ನಲ್ಲಿ ಸಹಜ ಗದ್ದಲ −123 ಡಿಬಿಎಂ; ಗ್ರಾಹಕದ, ಅಂದರೆ ಸಂದೇಶ ಪಡೆಯುವ ರೇಡಿಯೊದ, ಸ್ವಂತ ಗದ್ದಲ ಆರು ಡೆಸಿಬೆಲ್ ಸೇರಿದರೆ −117. ಸಿಗ್ನಲ್ ಇದಕ್ಕಿಂತ ಕೆಳಗಿಳಿದಾಗ ಪರದೆಯ ಮೇಲೆ ಕಾಣುವುದು ಬರೀ ಗದ್ದಲದ ಮಟ್ಟ. ಲೋರಾದ ವಿಶೇಷವೇ ಗದ್ದಲದ ಕೆಳಗೆ ಹುದುಗಿದ ಸಂದೇಶವನ್ನೂ ಓದುವುದು, ಆದ್ದರಿಂದ ಸಂದೇಶವೇನೋ ಬರುತ್ತದೆ, ಅದರ ಬಲ ಮಾತ್ರ ತಪ್ಪಾಗಿ ದಾಖಲಾಗುತ್ತದೆ. ಆ ಹಂತದಲ್ಲಿ ನಿಜ ಹೇಳುವುದು ಎಸ್‌ಎನ್‌ಆರ್, ಅಂದರೆ ಸಿಗ್ನಲ್ ಗದ್ದಲಕ್ಕಿಂತ ಎಷ್ಟು ಮೇಲೆ ಅಥವಾ ಕೆಳಗೆ ಇದೆ ಎಂಬ ಸಂಖ್ಯೆ. ಚಿಪ್ಪಿನ ದಾಖಲೆಯಲ್ಲೇ ತಿದ್ದುಪಡಿ ಕೊಟ್ಟಿದ್ದಾರೆ: ಎಸ್‌ಎನ್‌ಆರ್ ಸೊನ್ನೆಗಿಂತ ಕೆಳಗಿದ್ದರೆ ಅದನ್ನು ಆರ್‌ಎಸ್‌ಎಸ್‌ಐಗೆ ಕೂಡಿಸಬೇಕು.

```
int   r = LoRa.packetRssi();
float s = LoRa.packetSnr();
float p = (s < 0) ? r + s : r;
```

ಪರದೆಯಲ್ಲಿ −116, ಎಸ್‌ಎನ್‌ಆರ್ −4 ಎಂದಿದ್ದರೆ ನಿಜವಾದ ಬಲ −120. ಸಿಗ್ನಲ್ ಬಲವಾಗಿದ್ದಾಗ ಇದು ತಿರುವುಮುರುವು: ಆಗ ಎಸ್‌ಎನ್‌ಆರ್ ಸುಮಾರು ಹತ್ತರ ಬಳಿ ತುಂಬಿ ನಿಲ್ಲುತ್ತದೆ, ಆರ್‌ಎಸ್‌ಎಸ್‌ಐಯನ್ನು ನಂಬಬೇಕು. ಬೆಳೆಯ ನಷ್ಟವನ್ನು ಅಳೆಯಲು ಹೊರಟವರು ಈ ಮೂರು ಸಾಲನ್ನು ಬಿಟ್ಟರೆ, ಬೆಳೆಯ ನಷ್ಟ ಒಂದು ಹಂತದಲ್ಲಿ ನಿಂತುಹೋಗುತ್ತದೆ ಎಂಬ ಸುಳ್ಳು ತೀರ್ಮಾನಕ್ಕೆ ಬರುತ್ತಾರೆ. ಹೀಗಾಗಿ ಮುಂದಿನ ಅಂಕಿಗಳೆಲ್ಲ ತಿದ್ದಿದವು.

ಎಸ್‌ಎನ್‌ಆರ್ ಎಷ್ಟರವರೆಗೆ ಇಳಿಯಬಹುದು ಎಂಬುದನ್ನು ಸ್ಪ್ರೆಡಿಂಗ್ ಫ್ಯಾಕ್ಟರ್, ಅಂದರೆ ಸಂದೇಶವನ್ನು ಎಷ್ಟು ಹಿಗ್ಗಿಸಿ ನಿಧಾನವಾಗಿ ಕಳಿಸಬೇಕು ಎಂಬ ಎಸ್‌ಎಫ್ ಸಂಖ್ಯೆ, ನಿರ್ಧರಿಸುತ್ತದೆ. ಎಸ್‌ಎಫ್ 7ರಲ್ಲಿ −7.5, ಎಸ್‌ಎಫ್ 10ರಲ್ಲಿ −15, ಎಸ್‌ಎಫ್ 12ರಲ್ಲಿ −20. ಗದ್ದಲದ ಮಟ್ಟ −117ಕ್ಕೆ ಇವನ್ನು ಕೂಡಿಸಿದರೆ, ನಾನು ಬಳಸುವ ಎಸ್‌ಎಫ್ 10ರಲ್ಲಿ −132ರವರೆಗೆ ಸಂದೇಶ ಬದುಕುತ್ತದೆ. ಈ −132 ನಮ್ಮ ಕೊನೆಯ ಗೆರೆ.

ಕಬ್ಬು ತಿನ್ನುವ ಪಾಲು

ತೂಬಿನಿಂದ ಊರಿನ ದಿಕ್ಕಿಗೆ ಸುಮಾರು 120 ಮೀಟರ್ ಉದ್ದಕ್ಕೆ ನಮ್ಮದೇ ಕಬ್ಬು. ಆಂಟೆನಾವನ್ನು 1 ಮೀಟರ್ ಎತ್ತರದಲ್ಲೇ ಬಿಟ್ಟು, ಸಾಕ್ಷಿಯ ಪೆಟ್ಟಿಗೆಯೊಂದಿಗೆ ಹೋಲಿಸುತ್ತಾ ಹೋದೆ. ಕೂಳೆ ಚಿಗುರಿ ಎಲೆ ಸೊಂಟದ ಮಟ್ಟಕ್ಕೆ ಬಂದಾಗ ನಷ್ಟ ಮೂರೇ ಡೆಸಿಬೆಲ್. ಆಳೆತ್ತರ ಮೀರಿ ಸಾಲುಗಳ ನಡುವೆ ನೆಲ ಕಾಣದಂತಾದಾಗ ಹನ್ನೆರಡು. ಎಂಟನೇ ತಿಂಗಳ ಹೊತ್ತಿಗೆ ಕಬ್ಬು ಮೂರು ಮೀಟರ್ ದಾಟಿದಾಗ ಇಪ್ಪತ್ಮೂರು. ಅಲ್ಲಿಂದ ಮುಂದೆ ಕಡಿಯುವವರೆಗೆ ಇನ್ನೊಂದೆರಡು ಡೆಸಿಬೆಲ್ ಅಷ್ಟೇ.

ಮರಗಳ ತೋಪಿನ ನಷ್ಟವನ್ನು ಅಂದಾಜು ಮಾಡಲು ವೈಸ್‌ಬರ್ಗರ್ ಸೂತ್ರ ಎಂಬುದೊಂದು ಇದೆ. `f` ಗಿಗಾಹರ್ಟ್ಸ್‌ನಲ್ಲಿ, `d` ಎಲೆಯ ನಡುವಿನ ಮೀಟರಿನ ದೂರ, 14ರಿಂದ 400 ಮೀಟರಿನವರೆಗೆ:

```
L = 1.33 · f^0.284 · d^0.588
```

120 ಮೀಟರಿಗೆ ಇದು 21 ಡೆಸಿಬೆಲ್ ಕೊಡುತ್ತದೆ. ಮರಗಳಿಗೆಂದು ಕಟ್ಟಿದ ಸೂತ್ರ ಕಬ್ಬಿಗೆ ಇಷ್ಟು ಹತ್ತಿರ ಬಂದದ್ದನ್ನು ನಿಯಮ ಎಂದುಕೊಳ್ಳಬಾರದು, ಆದರೆ ಪೆಟ್ಟಿಗೆ ಇಡುವ ಮೊದಲು ಒಂದು ಅಂದಾಜಿಗೆ ಸಾಕು. ಸೂತ್ರದಲ್ಲಿ ದೂರದ ಘಾತ ಒಂದಕ್ಕಿಂತ ಕಡಿಮೆ ಇರುವುದನ್ನು ಗಮನಿಸಿ. ಎಲೆಯ ದೂರ ಇಮ್ಮಡಿಯಾದರೆ ನಷ್ಟ ಇಮ್ಮಡಿಯಾಗುವುದಿಲ್ಲ, ಒಂದೂವರೆ ಪಟ್ಟು ಆಗುತ್ತದೆ. ಏಕೆಂದರೆ ತರಂಗ ಪೂರ್ತಿ ದಾರಿಯನ್ನು ಎಲೆಗಳ ನಡುವೆ ನೂಕಿಕೊಂಡು ಹೋಗುವುದಿಲ್ಲ. ಸ್ವಲ್ಪ ದೂರ ಹೋದ ಮೇಲೆ ಸೋಗೆಯ ಮೇಲ್ಮೈಗೆ ಏರಿ, ಅಲ್ಲಿಂದ ಮೇಲ್ಮೈಗುಂಟ ಸಾಗುತ್ತದೆ. ಕಬ್ಬು ಇನ್ನೂ ಎತ್ತರ ಬೆಳೆದರೂ ನಷ್ಟ ಹೆಚ್ಚು ಏರದೇ ಇದ್ದುದಕ್ಕೂ ಇದೇ ಕಾರಣವಿರಬೇಕು.

ಸಿಗ್ನಲನ್ನು ಕುಡಿಯುವುದು ಮುಖ್ಯವಾಗಿ ಜೀವಂತ ಗಿಡದೊಳಗಿನ ನೀರು. ಕೆಳಗಿನ ಒಣ ತರಗನ್ನು ಸುಲಿಸಿದಾಗ ಕಬ್ಬಿನ ಸಾಲಿನಲ್ಲಿ ಬಗ್ಗಿ ನೋಡಿದರೆ ಆಚೆ ಬದು ಕಾಣುವಂತಾಯಿತು. ನಮಗೆ ಅದು ದೊಡ್ಡ ಬದಲಾವಣೆ, ಅಳತೆಯಲ್ಲಿ ಎರಡು ಡೆಸಿಬೆಲ್‌ಗೂ ಕಡಿಮೆ. ಒಣ ಎಲೆ ಕಣ್ಣಿಗೆ ಅಡ್ಡ, ತರಂಗಕ್ಕೆ ಅಲ್ಲ. ಇದಕ್ಕೆ ವಿರುದ್ಧವಾಗಿ, ಕಣ್ಣಿಗೆ ಏನೂ ಬದಲಾಗದ ಇಬ್ಬನಿಯ ಬೆಳಗಿನಲ್ಲಿ ಮೂರು ಡೆಸಿಬೆಲ್ ಇಳಿಯುತ್ತಿತ್ತು, ಮಳೆ ನಿಂತ ಮೇಲೆ ಐದು. ಬಿಸಿಲೇರಿದಂತೆ ಅದು ವಾಪಸು ಬರುತ್ತಿತ್ತು. ಬೆಳಗಿನ ಜಾವ ಸಿಗ್ನಲ್ ಸೊರಗಿ ಮಧ್ಯಾಹ್ನ ಚೇತರಿಸಿಕೊಂಡರೆ ಅದು ತೇವದ ಗುರುತು. ಬ್ಯಾಟರಿ ಸೊರಗಿದ್ದರೆ ಸಂದೇಶದ ಜೊತೆಯಲ್ಲೇ ಬರುವ ವೋಲ್ಟೇಜು ಅದನ್ನು ಹೇಳುತ್ತದೆ.

ಗಾಳಿಯ ಕೆಲಸ ಬೇರೆ ರೀತಿಯದು. ಸರಾಸರಿ ಬಲವನ್ನು ಅದು ಕಡಿಮೆ ಮಾಡುವುದಿಲ್ಲ. ಆದರೆ ಅಲುಗುವ ಎಲೆಗಳು ತರಂಗದ ಬೇರೆ ಬೇರೆ ದಾರಿಗಳನ್ನು ಕ್ಷಣಕ್ಷಣಕ್ಕೂ ಬದಲಿಸುವುದರಿಂದ ಒಂದು ಸಂದೇಶದಿಂದ ಇನ್ನೊಂದಕ್ಕೆ ಬಲ ಆರು ಡೆಸಿಬೆಲ್ ಮೇಲೆ ಕೆಳಗೆ ಹಾರುತ್ತದೆ. ಆದ್ದರಿಂದಲೇ ಒಂದೆರಡು ಸಂದೇಶ ನೋಡಿ ಅಳತೆ ಮುಗಿಯಿತು ಎನ್ನಬಾರದು. ಕೆಲವು ಡಜನ್ ಸಂದೇಶಗಳ ಮಧ್ಯಮ ಬೆಲೆ ತೆಗೆದುಕೊಳ್ಳಬೇಕು, ಹಾರಾಟದ ಅಗಲವನ್ನೂ ಬರೆದಿಟ್ಟುಕೊಳ್ಳಬೇಕು.

ಈಗ ಲೆಕ್ಕ ಹಾಕೋಣ. ಖಾಲಿ ಗದ್ದೆಯಲ್ಲಿ −97. ಪೂರ್ತಿ ಬೆಳೆದ ಕಬ್ಬಿನಲ್ಲಿ −120. ಮಳೆ ನಿಂತ ಮೇಲೆ −125. ಕೊನೆಯ ಗೆರೆ −132ಕ್ಕೆ ಉಳಿದದ್ದು ಏಳು ಡೆಸಿಬೆಲ್. ಗಾಳಿ ಆರನ್ನು ಕಸಿದುಕೊಂಡರೆ ಒಂದು. ಸಂದೇಶಗಳು ಎಲ್ಲಿ ಕಳೆದವು ಎಂಬುದು ಸ್ಪಷ್ಟ. ಇಷ್ಟೆಲ್ಲ ಆದದ್ದು ಮನೆಯ ಆಂಟೆನಾ ತಾರಸಿಯ ಮೇಲೆ ಇದ್ದಾಗ.

ಗೋಡೆಯ ಪಾಲೆಷ್ಟು, ಎತ್ತರದ ಪಾಲೆಷ್ಟು

ಗ್ರಾಹಕವನ್ನು ಮನೆಯೊಳಗೆ ಇಡುವುದು ಎಲ್ಲರಿಗೂ ಅನುಕೂಲ. ಮಳೆಯಿಲ್ಲ, ಬಿಸಿಲಿಲ್ಲ, ಪ್ಲಗ್ ಹತ್ತಿರ. ಅದರ ಬೆಲೆ ಎಷ್ಟೆಂದು ತಿಳಿಯಲು ಏರಿಯ ಮೇಲಿನ ಸಾಕ್ಷಿಯ ಪೆಟ್ಟಿಗೆಯನ್ನು ಚಾಲೂ ಇಟ್ಟು, ಗ್ರಾಹಕವನ್ನು ಬೇರೆ ಬೇರೆ ಕಡೆ ಹಿಡಿದು ಅಳೆದೆ. ಕೋಣೆಯೊಳಗೆ ಅಳೆಯುವಾಗ ಒಂದು ಎಚ್ಚರ ಬೇಕು. ಗೋಡೆಗಳಿಗೆ ಬಡಿದು ಬಂದ ತರಂಗಗಳು ಒಂದರ ಮೇಲೊಂದು ಬಿದ್ದು, ಒಂದು ಗೇಣಿನ ಅಂತರದಲ್ಲೇ ಬಲ ತುಂಬಾ ಬದಲಾಗುತ್ತದೆ. ಆದ್ದರಿಂದ ಗ್ರಾಹಕವನ್ನು ಒಂದು ಮೀಟರ್ ಚೌಕದೊಳಗೆ ನಿಧಾನವಾಗಿ ಆಡಿಸುತ್ತಾ ಮಧ್ಯಮ ಬೆಲೆ ಹಿಡಿಯಬೇಕು.

ತಾರಸಿಯಿಂದ ಇಳಿಸಿ ನೆಲಮಹಡಿಯ ಒಳಕೋಣೆಯ ಮೇಜಿನ ಮೇಲಿಟ್ಟಾಗ 24 ಡೆಸಿಬೆಲ್ ಹೋಯಿತು. ಇದನ್ನು ಹಾಗೆಯೇ "ಗೋಡೆಯ ನಷ್ಟ" ಎಂದು ಬರೆದುಕೊಳ್ಳುವುದು ಬಹಳ ಸುಲಭ. ಆದರೆ ಗ್ರಾಹಕವನ್ನು ಮನೆಯ ಹೊರಗೆ, ಜಗುಲಿಯ ಮುಂದೆ, ಅದೇ ಮೇಜಿನೆತ್ತರದಲ್ಲಿ ಹಿಡಿದಾಗಲೇ 14 ಹೋಗಿತ್ತು, ಒಂದು ಗೋಡೆಯೂ ಅಡ್ಡವಿಲ್ಲದೆ. 6 ಮೀಟರಿನಿಂದ 1.5 ಮೀಟರಿಗೆ ಇಳಿದರೆ ಮೇಲಿನ ಎತ್ತರದ ಸೂತ್ರದ ಪ್ರಕಾರವೇ 12 ಡೆಸಿಬೆಲ್ ಹೋಗಬೇಕು. ಉಳಿದೆರಡು ಎದುರು ಸಾಲಿನ ಮನೆಗಳದ್ದು. ಇಟ್ಟಿಗೆ ಗೋಡೆ, ಸಿಮೆಂಟ್ ಗಾರೆ, ಒಳಗೋಡೆ ಎಲ್ಲ ಸೇರಿ ತಿಂದದ್ದು ಹತ್ತು. ನಷ್ಟದ ದೊಡ್ಡ ಪಾಲು ಇಳಿದ ಎತ್ತರದ್ದೇ ಹೊರತು ಗೋಡೆಯದ್ದಲ್ಲ. ಹೀಗೆ ಬೇರ್ಪಡಿಸಿ ನೋಡಿದರೆ ಪರಿಹಾರವೂ ತಾನಾಗಿ ಕಾಣುತ್ತದೆ: ಒಳಗೇ ಇಡಲೇಬೇಕಾದವರು ಕೆಳಗಿನ ಕೋಣೆಯ ಕಿಟಕಿ ಹುಡುಕುವ ಬದಲು ಮೇಲಿನ ಕೋಣೆಗೆ ಹೋಗುವುದು ಲೇಸು.

ಬೇರೆ ಬಗೆಯ ಕಟ್ಟಡಗಳನ್ನೂ ಇದೇ ಕ್ರಮದಲ್ಲಿ, ಹೊರಗೆ ಒಮ್ಮೆ, ಒಳಗೆ ಒಮ್ಮೆ, ಒಂದೇ ಎತ್ತರದಲ್ಲಿ ನೋಡಿದೆ. ಚಿಕ್ಕಪ್ಪನ ಹಳೆಯ ಹೆಂಚಿನ ಮನೆಯ ಮೊಳದಗಲದ ಮಣ್ಣಿನ ಗೋಡೆ ಬೇಸಿಗೆಯಲ್ಲಿ ಎಂಟು ಡೆಸಿಬೆಲ್ ತಿಂದಿತು. ಅದೇ ಮನೆಯ ಅಟ್ಟದ ಮೇಲೆ, ಹೆಂಚಿನ ಕೆಳಗೆ, ಮೂರೇ. ಒಣ ಹೆಂಚು ಈ ತರಂಗಕ್ಕೆ ಅಡ್ಡಿಯೇ ಅಲ್ಲ ಎನ್ನಬಹುದು. ಹೆಂಚಿನ ಮನೆಯವರಿಗೆ ಅಟ್ಟಕ್ಕಿಂತ ಒಳ್ಳೆಯ ಜಾಗವಿಲ್ಲ, ಎತ್ತರವೂ ಸಿಗುತ್ತದೆ, ನೆರಳೂ ಸಿಗುತ್ತದೆ. ಊರಾಚೆಯ ಆಲೆಮನೆಯ ಪಕ್ಕದಲ್ಲಿ ನಾಲ್ಕೂ ಕಡೆ ತಗಡು ಹೊದಿಸಿದ ಉಗ್ರಾಣವಿದೆ. ಬಾಗಿಲು ತೆಗೆದಾಗ ಒಂಬತ್ತು, ಮುಚ್ಚಿದಾಗ ಇಪ್ಪತ್ತೆರಡು. ತಗಡಿನ ಮೂಲಕ ಏನೂ ದಾಟುವುದಿಲ್ಲ. ಒಳಗೆ ಸಿಕ್ಕಿದ್ದೆಲ್ಲ ಸಂದಿಗಳಿಂದ ನುಸುಳಿದ್ದು. ಆರ್‌ಸಿಸಿ ತಾರಸಿಯೊಳಗಿನ ಕಂಬಿಗಳ ಜಾಲ ಇವೆರಡರ ನಡುವಿನದು. ಕಂಬಿಗಳ ನಡುವಿನ ಅಂತರ ಸಾಮಾನ್ಯವಾಗಿ ಆರರಿಂದ ಎಂಟು ಇಂಚು, ಅಂದರೆ ನಮ್ಮ ತರಂಗದ ಅರ್ಧದಷ್ಟು, ಹಾಗಾಗಿ ಅದು ಪೂರ್ತಿ ತಡೆಯುವುದೂ ಇಲ್ಲ, ಸುಮ್ಮನೆ ಬಿಡುವುದೂ ಇಲ್ಲ.

ಮಳೆಯ ದಿನದ −125ಕ್ಕೆ ಒಳಕೋಣೆಯ 24 ಸೇರಿಸಿದರೆ −149. ಎಸ್‌ಎಫ್ 12ಕ್ಕೆ ಹೋದರೂ −137ರ ಕೆಳಗೆ ಏನೂ ಕೇಳಿಸದು. ಒಳಕೋಣೆಯ ಆಸೆಯನ್ನು ಅಲ್ಲಿಗೆ ಕೈಬಿಟ್ಟೆ.

ಕಂಬ ಏರಿಸಿದ್ದು

ಎಸ್‌ಎಫ್ 10ರಿಂದ 12ಕ್ಕೆ ಏರಿಸಿದರೆ ಸಿಗುವುದು ಐದು ಡೆಸಿಬೆಲ್. ಅದಕ್ಕೆ ತೆರುವ ಬೆಲೆ ಸಮಯ: 20 ಬೈಟಿನ ಸಂದೇಶ ಎಸ್‌ಎಫ್ 10ರಲ್ಲಿ 0.37 ಸೆಕೆಂಡ್ ಗಾಳಿಯಲ್ಲಿರುತ್ತದೆ, ಎಸ್‌ಎಫ್ 12ರಲ್ಲಿ 1.3 ಸೆಕೆಂಡ್. ಕಾಲು ಗಂಟೆಗೊಮ್ಮೆ ಮಾತಾಡುವ ಒಂದೇ ಪೆಟ್ಟಿಗೆಗೆ ಬ್ಯಾಟರಿಯ ದೃಷ್ಟಿಯಿಂದ ಇದು ದೊಡ್ಡದಲ್ಲ. ಆದರೆ ಅಕ್ಕಪಕ್ಕದ ಗದ್ದೆಯವರೂ ತಮ್ಮ ತೂಬಿಗೆ ಇಂಥದ್ದೇ ಬೇಕು ಎನ್ನುತ್ತಿದ್ದಾರೆ. ಎಲ್ಲರೂ ಒಂದೇ ಚಾನೆಲ್‌ನಲ್ಲಿ ಮೂರೂವರೆ ಪಟ್ಟು ಹೊತ್ತು ಮಾತಾಡಿದರೆ ಸಂದೇಶಗಳು ಒಂದಕ್ಕೊಂದು ಡಿಕ್ಕಿ ಹೊಡೆಯುತ್ತವೆ. ಕಂಬ ಅದಕ್ಕಿಂತ ಹೆಚ್ಚು ಕೊಡುತ್ತದೆ.

ತೂಬಿನ ಪಕ್ಕ ಒಂದೂವರೆ ಇಂಚಿನ ಜಿಐ ಪೈಪನ್ನು ಕಾಂಕ್ರೀಟಿನಲ್ಲಿ ನೆಟ್ಟು ಆಂಟೆನಾವನ್ನು ನಾಲ್ಕೂವರೆ ಮೀಟರಿಗೆ ಏರಿಸಿದೆ. ಬರೀ ಆಂಟೆನಾವನ್ನಲ್ಲ, ಪೆಟ್ಟಿಗೆಯನ್ನೇ. ಪೆಟ್ಟಿಗೆ ಕೆಳಗಿಟ್ಟು ಆಂಟೆನಾಗೆ ಕೇಬಲ್ ಎಳೆದರೆ ಆರ್‌ಜಿ-58 ಮೀಟರಿಗೆ ಸುಮಾರು ಅರ್ಧ ಡೆಸಿಬೆಲ್ ತಿನ್ನುತ್ತದೆ; ತೆಳುವಾದ ಆರ್‌ಜಿ-174 ಅದರ ಇಮ್ಮಡಿ. ಫ್ಲೋಟ್ ಸ್ವಿಚ್ಚಿನ ತಂತಿಗೆ ಅಂಥ ತೊಂದರೆಯಿಲ್ಲ. ಅದು ತೆರೆದಿದೆಯೋ ಮುಚ್ಚಿದೆಯೋ ಎಂಬುದಷ್ಟೇ ಬೇಕು, ಐದು ಮೀಟರ್ ಸಾಮಾನ್ಯ ತಂತಿ ಸಾಕು. ಹಾಗಾಗಿ ರೇಡಿಯೊ ಮೇಲೆ, ಸ್ವಿಚ್ಚು ಕೆಳಗೆ, ನಡುವೆ ಪೈಪಿನೊಳಗೆ ತಂತಿ. ಆಂಟೆನಾ ಲೋಹದ ಪೈಪಿಗೆ ಅಂಟಿಕೊಂಡಿದ್ದರೆ ಅದರ ಹರಡುವಿಕೆ ಕೆಡುತ್ತದೆ. ಪೈಪಿನ ತುದಿಗಿಂತ ಮೇಲೆ ನಿಲ್ಲುವಂತೆ ಪ್ಲಾಸ್ಟಿಕ್ ಕೊಳವೆಯ ತುಂಡೊಂದರ ಮೇಲೆ ಕೂರಿಸಿದ್ದೇನೆ. ಆಂಟೆನಾದ ಜೋಡಣೆಗೆ ತನ್ನಷ್ಟಕ್ಕೆ ಬೆಸೆದುಕೊಳ್ಳುವ ರಬ್ಬರ್ ಟೇಪನ್ನು ಕೆಳಗಿನಿಂದ ಮೇಲಕ್ಕೆ ಸುತ್ತಬೇಕು, ಆಗ ಒಂದೊಂದು ಸುತ್ತೂ ಹೆಂಚಿನಂತೆ ನೀರನ್ನು ಹೊರಗೆ ಇಳಿಸುತ್ತದೆ.

ಪೂರ್ತಿ ಬೆಳೆದ ಕಬ್ಬಿನಲ್ಲಿ ಕಂಬದ ಮೇಲಿನಿಂದ ಬಂದ ಸಿಗ್ನಲ್ −99. ಖಾಲಿ ಗದ್ದೆಯಲ್ಲಿ 1 ಮೀಟರ್ ಎತ್ತರದಿಂದ ಬಂದ −97ಕ್ಕೆ ಹೆಚ್ಚುಕಡಿಮೆ ಸಮ, ಅದು ಆಕಸ್ಮಿಕವಲ್ಲ. ಕಬ್ಬಿನ ಸೋಗೆಯ ಮಟ್ಟವೇ ತರಂಗಕ್ಕೆ ಹೊಸ ನೆಲ. ಮೂರೂಕಾಲು ಮೀಟರ್ ಕಬ್ಬಿನ ಮೇಲೆ ನಮ್ಮ ಆಂಟೆನಾ ಎದ್ದು ನಿಲ್ಲುವುದು ಒಂದೂಕಾಲು ಮೀಟರ್ ಮಾತ್ರ, ಲೆಕ್ಕಕ್ಕೆ ಬರುವ ಎತ್ತರ ಅಷ್ಟೇ. ಮಳೆಯ ದಿನವೂ ಇಳಿತ ಎರಡು ಡೆಸಿಬೆಲ್ ಮೀರಲಿಲ್ಲ, ಗಾಳಿಯ ಹಾರಾಟವೂ ಕುಗ್ಗಿತು. ಕೊನೆಯ ಗೆರೆಗೆ ಈಗ 31 ಡೆಸಿಬೆಲ್ ಉಳಿದಿದೆ. ಅಷ್ಟು ಉಳಿದಾಗ ಎಸ್‌ಎಫ್ 7ಕ್ಕೆ ಇಳಿಸಿ ಸಂದೇಶವನ್ನು 57 ಮಿಲಿಸೆಕೆಂಡಿಗೆ ತಂದೆ. ಅಲ್ಲಿಯ ಗೆರೆ −124.5, ಮಳೆಯ ದಿನವೂ ಇಪ್ಪತ್ಮೂರು ಡೆಸಿಬೆಲ್ ಕೈಯಲ್ಲಿರುತ್ತದೆ.

ಆರಂಭದಲ್ಲಿ ಕೆಲವರು ಸಲಹೆ ಕೊಟ್ಟಂತೆ ಹೆಚ್ಚು ಗಳಿಕೆಯ ಉದ್ದ ಆಂಟೆನಾ ಹಾಕಿ ಅದನ್ನು ಕಬ್ಬಿನೊಳಗೇ ಬಿಟ್ಟಿದ್ದರೆ ಮೂರೋ ನಾಲ್ಕೋ ಡೆಸಿಬೆಲ್ ಸಿಗುತ್ತಿತ್ತು. ಕಂಬ ಇಪ್ಪತ್ತೊಂದು ಕೊಟ್ಟಿತು. ಅಡಿಕೆ ಅಥವಾ ತೆಂಗಿನ ತೋಟದಲ್ಲಿ ಮಾತ್ರ ಈ ಉಪಾಯ ನಡೆಯದು. ಹತ್ತು ಹದಿನೈದು ಮೀಟರ್ ಮರಗಳ ಮೇಲೆ ಕಂಬ ನಿಲ್ಲಿಸುವುದು ಸುಲಭವಲ್ಲ, ಸಿಡಿಲಿನ ಭಯವೂ ಇದೆ. ಅಲ್ಲಿ ಪೆಟ್ಟಿಗೆಯನ್ನು ತೋಟದ ಅಂಚಿಗೆ ತಂದು, ಸೆನ್ಸರಿನ ತಂತಿಯನ್ನು ಒಳಕ್ಕೆ ಎಳೆಯುವುದೇ ಉಳಿದ ದಾರಿ. ಮೇಲಿನ ಸೂತ್ರದಲ್ಲಿ 100 ಮೀಟರ್ ತೋಟಕ್ಕೆ 19 ಡೆಸಿಬೆಲ್ ಬರುತ್ತದೆ; ಅಷ್ಟನ್ನು ತಂತಿಯಿಂದ ಉಳಿಸಿದಂತಾಯಿತು.

ಮನೆಯ ಕಡೆ ಗ್ರಾಹಕವೂ ತಾರಸಿಯ ಕಂಬದ ಮೇಲೆಯೇ, ಆಂಟೆನಾದ ಬುಡದಲ್ಲಿ ಪೆಟ್ಟಿಗೆಯೊಳಗೆ ಇದೆ. ಕೆಳಗೆ ಇಳಿದು ಬರುವುದು ವಿದ್ಯುತ್ ಮತ್ತು ಬಜರಿನ ತಂತಿಗಳು ಮಾತ್ರ. ಪ್ಲಾಸ್ಟಿಕ್ ನೀರಿನ ಟ್ಯಾಂಕಿನಿಂದ ಅದನ್ನು ದೂರ ಸರಿಸಿದ್ದೇನೆ. ತುಂಬಿದ ಟ್ಯಾಂಕು ಗದ್ದೆಯ ದಿಕ್ಕಿಗೆ ಅಡ್ಡ ಬಂದರೆ ಅದೂ ಒಂದು ಗೋಡೆಯೇ.

ಕಡಿಯುವ ಕಾಲಕ್ಕೆ ಇನ್ನೆರಡು ಎಚ್ಚರಿಕೆ. ಗಾಳಿಗೆ ಮಲಗಿದ ಕಬ್ಬು ಫ್ಲೋಟ್ ಸ್ವಿಚ್ಚಿನ ಮೇಲೆ ಬಿದ್ದು ಅದನ್ನು ಒತ್ತಿಹಿಡಿಯಬಹುದು, ಆಗ ನೀರಿಲ್ಲದೆಯೂ ಬಜರ್ ಕೂಗುತ್ತದೆ; ತೂಬಿನ ಬಾಯಿಗೆ ಕಂಬಿಯ ಪಂಜರ ಮುಚ್ಚಿದ ಮೇಲೆ ಆ ತೊಂದರೆ ಹೋಯಿತು. ಕಬ್ಬು ಸಾಗಿಸಿದ ಮೇಲೆ ತರಗಿಗೆ ಬೆಂಕಿ ಹಾಕುವ ಪದ್ಧತಿ ನಮ್ಮ ಸುತ್ತಮುತ್ತ ಇನ್ನೂ ಇದೆ. ಪೆಟ್ಟಿಗೆ ಮೇಲಿರುವುದರಿಂದ ಬೆಂಕಿಯ ನೇರ ಝಳ ತಾಗದು, ಪೈಪಿನ ಬುಡದಲ್ಲಿ ಹೊರಬರುವ ತಂತಿಗೆ ತಾಗುತ್ತದೆ. ಆದ್ದರಿಂದ ಬುಡದಲ್ಲಿ ಒಂದು ಪ್ಲಗ್ ಇಟ್ಟಿದ್ದೇನೆ. ಕೂಲಿಯವರು ಬರುವ ಮುನ್ನ ಅದನ್ನು ಕಳಚಿ, ಸ್ವಿಚ್ಚನ್ನು ತೂಬಿನಿಂದ ಎತ್ತಿ ಮನೆಗೆ ತರುವುದು, ಕಂಬದ ಸುತ್ತ ಎರಡು ಮೀಟರ್ ತರಗು ಎಳೆದು ಹಾಕುವುದು.